ಗರಗಸ ಓದಿದ ಹುಡುಗ: ನನ್ನ ಬೀಳ್ಕೊಡುಗೆ ಮಾತು

ಎಲ್ರಿಗೂ ನಮಸ್ಕಾರ. ನಮ್ಮ ಹೆಡ್ ಮಾಸ್ಟ್ರಿಗೆ, ಎಸ್‌ಡಿಎಂಸಿ ಅಧ್ಯಕ್ಷರಿಗೆ, ಬಿಸಿಯೂಟದ ಅಕ್ಕಂದ್ರಿಗೆ, ಊರಿನೋರಿಗೆ, ಮತ್ತೆ ಮುಂದೆ ಕೂತ್ಕೊಂಡು ಒಬ್ರನ್ನೊಬ್ರು ಚಿವುಟ್ತಾ ಇರೋ ನನ್ನ ಮಕ್ಳಿಗೆ. ಶಾಲು ಹಾರ ಹಣ್ಣಿನ ಬುಟ್ಟಿ ಎಲ್ಲ ಕೊಟ್ರಿ, ಈಗ ನಾಲ್ಕು ಮಾತಾಡಿ ಕೂತ್ಕೊಂಡ್ರೆ ಮರ್ಯಾದೆ, ಆದ್ರೆ 31 ವರ್ಷ ಮಕ್ಳಿಗೆ ಸುಮ್ನಿರ್ರೋ ಸುಮ್ನಿರ್ರೋ ಅಂದೋಳಿಗೆ ತಾನು ಸುಮ್ನಿರೋದು ಎಲ್ಲಿ ಬರುತ್ತೆ.

ಟೀಚರ್ ಟ್ರೈನಿಂಗು ಟಿಸಿಎಚ್ ಮುಗಿಸಿ 1994ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ ಆದಿವಾಸಿಗಳ ಹಾಡಿ ಪಕ್ಕದ ಒಂದು ಶಾಲೆಗೆ ಸೇರಿದೆ. ಒಂದು ರೂಮು, ನಾಲ್ಕು ಕ್ಲಾಸು, ನಾನೊಬ್ಳೇ. ಒಂದನೇ ಕ್ಲಾಸಿನವ್ರಿಗೆ ಅ ಆ ಇ ಈ ತಿದ್ದೋಕೆ ಹಾಕ್ಬಿಟ್ಟು, ಮೂರನೆಯವ್ರ ಹತ್ರ ಮಗ್ಗಿ ಹೇಳಿಸ್ತಾ, ನಾಲ್ಕನೆಯವ್ರಿಗೆ ಕಾಪಿ ಬರಿಯೋಕೆ ಕೊಟ್ಟು, ಎಲ್ರೂ ಒಟ್ಟಿಗೆ ಕೂಗ್ತಿದ್ರೆ ಪಾಠ ಚೆನ್ನಾಗಿ ನಡೀತಿದೆ ಅಂತ ಲೆಕ್ಕ. ಮೇಜಿನ ಮೇಲೆ ಹುಣಸೆ ಬರಲು ಇರ್ತಿತ್ತು. ಅದನ್ನ ಮುರ್ಕೊಂಡು ಬರೋಕೂ ಏಟು ತಿನ್ನೋ ಹುಡುಗ್ರನ್ನೇ ಕಳಿಸ್ತಿದ್ದೆ, ಈಗ ನೆನೆಸ್ಕೊಂಡ್ರೆ ಹೆಂಗೋ ಆಗುತ್ತೆ. ಅಕ್ಷರ ಬರ್ಲಿಲ್ಲ ಅಂತ ನನ್ ಕೈಲಿ ಏಟು ತಿಂದ ಒಬ್ಬ ಹುಡುಗ ಮಾರನೇ ದಿನದಿಂದ ದನ ಕಾಯೋಕೆ ಹೋದ. ಎರಡು ಸಲ ಮನೆಗೆ ಹೋಗಿ ಕರೆದೆ, ನನ್ನ ನೋಡಿದ ಕೂಡ್ಲೇ ಅಟ್ಟ ಹತ್ತಿ ಕೂತ. ವಾಪಸ್ ಬರಲೇ ಇಲ್ಲ.

ಮುಂದಿನ ವರ್ಷ ನಮ್ಮ ತಾಲೂಕಲ್ಲೇ, ಮಕ್ಳು ಆಡ್ತಾ ಆಡ್ತಾ ತಮ್ಮ ವೇಗಕ್ಕೆ ಕಲಿಯೋ ನಲಿ ಕಲಿ ಪದ್ಧತಿ ಶುರುವಾಯ್ತು. ಟ್ರೈನಿಂಗಲ್ಲಿ ಇನ್ಮೇಲೆ ಅ ಆ ಇ ಈ ಅಲ್ಲ, ಮೊದಲು ರ ಗ ಸ ದ ಅ ಅಂದಾಗ ನಾನು ಪಕ್ಕದ ಟೀಚರಿಗೆ, ನಮ್ಮಜ್ಜಿ ಕೇಳಿದ್ರೆ ಎದೆ ಒಡ್ಕೊಳ್ತಾಳೆ ಕಣೇ ಅಂದಿದ್ದೆ. ಕ್ಲಾಸ್ ರೂಮಲ್ಲಿ ತಲೆ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ಚಿತ್ರ ನೇತುಹಾಕೋದು, ಗೋಡೆ ಮೇಲೆ ಕಲಿಕೆಯ ಮೆಟ್ಟಿಲು ತೋರಿಸೋ ಏಣಿ, ಮಕ್ಳು ತಮ್ಮ ಕಾರ್ಡ್ ತಾವೇ ತಗೊಂಡು ತಮ್ಮ ತಟ್ಟೇಲಿ, ಅಂದ್ರೆ ತಮ್ಮ ಗುಂಪಲ್ಲಿ, ಕೂರೋದು, ಟೀಚರೂ ಚಾಪೆ ಮೇಲೇ ಕೂರ್ಬೇಕು. ನಂಗೆ ಇದೆಲ್ಲ ಆಟ ಅನ್ನಿಸ್ತು. ಆದ್ರೆ ಒಂದಿನ ಬಡಗಿ ಮನೆ ಹುಡುಗ ಒಬ್ಬ ರ ಗ ಸ ಮೂರೇ ಅಕ್ಷರ ಕಲ್ತೋನು, ಕಾರ್ಡುಗಳನ್ನ ಸಾಲಾಗಿ ಇಟ್ಕೊಂಡು, ಬೆರಳು ಇಟ್ಟು ಇಟ್ಟು, ಗ... ರ... ಗ... ಸ ಅಂತ ಓದಿ, ತಲೆ ಎತ್ತಿ ‘ಮಿಸ್, ಇದು ನಮ್ಮಪ್ಪಂದು!’ ಅಂದ. ನನ್ ಹಳೇ ಕ್ರಮದಲ್ಲಿ ಅವ್ನು ರ ತಲುಪೋ ಹೊತ್ತಿಗೆ ದೀಪಾವಳಿ ಆಗಿರೋದು. ಅವತ್ತು ಸಂಜೆ ಆ ಬರಲನ್ನ ಒಲೆಗೆ ಹಾಕಿದೆ. ಕೋಪ ಬಂದಾಗ ಕಿವಿ ಹಿಂಡಿದ್ದು ಆಮೇಲೂ ಉಂಟು, ಸುಳ್ಳು ಯಾಕೆ ಹೇಳ್ಲಿ. 2010ರಲ್ಲಿ ಆರ್‌ಟಿಇ ಅಂತ ಶಿಕ್ಷಣ ಹಕ್ಕಿನ ಕಾಯ್ದೆ ಬಂದು ಮಕ್ಕಳನ್ನ ಹೊಡಿಯಂಗಿಲ್ಲ ಅಂದಾಗ ಸ್ಟಾಫ್ ರೂಮಲ್ಲಿ ದೊಡ್ಡ ಜಗಳ ಆಯ್ತು, ನಾನು ಬಾಯಿ ಬಿಡಲಿಲ್ಲ, ಅಟ್ಟದ ಮೇಲಿನ ಹುಡುಗ ಕಣ್ಣ ಮುಂದೆ ಇದ್ದ.

ಹಂಗಂತ ಹೊಸದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಮಗ್ಗಿ ಬಾಯಿಪಾಠ ಬೇಡ ಅಂದವ್ರ ಮಾತು ನಾನು ಕೇಳ್ಲಿಲ್ಲ, ನನ್ ಮಕ್ಳಿಗೆ ಇಪ್ಪತ್ತರ ತನಕ ಬರುತ್ತೆ, ಬೇಕಾದ್ರೆ ಊಟ ಆದ್ಮೇಲೆ ಕೇಳಿ ನೋಡಿ. ವರ್ಷವಿಡೀ ಮಗುವಿನ ಕಲಿಕೆ ಅಳೆಯೋ ಸಿಸಿಇ ಬಂದ್ಮೇಲೆ ಮಗು ಏನು ಕಲೀತು ಅಂತ ನೋಡೋದಕ್ಕಿಂತ ಕಲೀತು ಅಂತ ಬರಿಯೋದೇ ಜಾಸ್ತಿ ಆಯ್ತು. ಈಗಂತೂ ಎಸ್‌ಎಟಿಎಸ್ ಅಂತ ಮಕ್ಳ ವಿವರದ ಕಂಪ್ಯೂಟರ್ ಎಂಟ್ರಿ, ಫೋಟೋ, ವಾಟ್ಸಾಪ್ ಗ್ರೂಪು, ನೆಟ್‌ವರ್ಕಿಗೆ ಅಂತ ನೀರಿನ ಟ್ಯಾಂಕ್ ಮೇಲೆ ಹತ್ತಿರೋದು ಊರೆಲ್ಲ ನೋಡಿದೆ, ನಗ್ಬೇಡಿ.

ಬಿಸಿಯೂಟ ಬಂದಾಗ್ಲೂ ಅಡುಗೆ ಮನೆ ನೋಡ್ಕೊಳ್ಳೋದಾ ಪಾಠ ಮಾಡೋದಾ ಅಂತ ಗೊಣಗಿದ್ದೆ. ಆದ್ರೆ ಅದಕ್ಕೂ ಮುಂಚೆ ಹನ್ನೊಂದು ಗಂಟೆಗೇ ಹೊಟ್ಟೆನೋವು ಮಿಸ್ ಅಂತಿದ್ದ ಮಕ್ಳಿಗೆ ಹೊಟ್ಟೆನೋವು ಇರ್ಲಿಲ್ಲ, ಹಸಿವು ಇತ್ತು ಅಂತ ಗೊತ್ತಾಗಿದ್ದು ಊಟ ಶುರುವಾದ್ಮೇಲೇ.

ಕೊರೋನಾ ಟೈಮಲ್ಲಿ ವಿದ್ಯಾಗಮ ಅಂತ ಮಾರಿಗುಡಿ ಜಗಲಿ ಮೇಲೆ ಪಾಠ ಮಾಡಿದ್ವಲ್ಲ, ಅವಾಗ ಮನೆಗೊಂದು ಫೋನ್ ಇಲ್ದಿರೋ ಮಕ್ಳೇ ಮೊದಲು ಬಂದು ಜಾಗ ಹಿಡೀತಿದ್ರು. ಹಳೇ ಕಾರ್ಡ್ ಟ್ರಂಕ್ ಸೈಕಲ್ ಮೇಲೆ ಹೊತ್ಕೊಂಡು ಬಂದಿದ್ದು ಇಲ್ಲಿ ಕೂತಿರೋ ಅಧ್ಯಕ್ಷರ ಮಗನೇ.

ಸರಿ, ಟ್ರಂಕಿನ ಬೀಗದ ಕೈ ಹೊಸ ಟೀಚರಿಗೆ ಕೊಟ್ಟಿದೀನಿ. ನೋಡಮ್ಮ, ಅದ್ರಲ್ಲಿ ಗ ಕಾರ್ಡು ಒಂದು ಹರಿದಿದೆ, ಅಂಟಿಸ್ಕೋ. ಚಪ್ಪರದ ದಾರ ಕಿಟಕಿ ಕಡೆ ಸಡಿಲ ಆಗಿದೆ, ಮಳೆ ಗಾಳಿಗೆ ಬೀಳುತ್ತೆ, ನಾಳೆನೇ ಕಟ್ಟಿಸು. ಅಕ್ಕಂದ್ರು ಪಾಯಸ ಆರೋಗುತ್ತೆ ಅಂತ ಬಾಗಿಲಲ್ಲಿ ನಿಂತಿದಾರೆ. ಮಕ್ಳೇ, ಕೈ ತೊಳ್ಕೊಂಡು ಸಾಲಾಗಿ ಬನ್ನಿ, ತಳ್ಳಾಡ್ಬೇಡಿ.