ಕಾಸರಗೋಡಿನ ಕರೆಂಟ್ ಬಿಲ್: 500ರ ಗೆರೆ ನೋಡಿಕೊಳ್ಳಿ

[ಮೀಟರ್ ಅಂಕೆಗಳು ಉರುಳುತ್ತವೆ: 4310 → 4790]
ಎರಡು ತಿಂಗಳ ಬಳಕೆ 480 ಯೂನಿಟ್. 1000 ವಾಟ್ ಉಪಕರಣ ಒಂದು ಗಂಟೆ ಓಡಿದರೆ 1 ಯೂನಿಟ್.

[ಮೆಟ್ಟಿಲುಗಳು ಒಂದೊಂದಾಗಿ ಬೆಳಗುತ್ತವೆ]
ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಸ್ಲ್ಯಾಬ್, ಅಂದರೆ ದರದ ಮೆಟ್ಟಿಲು, ತಿಂಗಳಿಗೆ 50 ಯೂನಿಟ್‌ನದು, ಎರಡು ತಿಂಗಳ ಬಿಲ್ಲಿನಲ್ಲಿ 100 ಯೂನಿಟ್‌ನದು. ಎರಡು ತಿಂಗಳಿಗೆ 500 ಯೂನಿಟ್‌ವರೆಗೆ ಹೆಚ್ಚಿನ ದರ ಆ ಮೆಟ್ಟಿಲಿನ ಯೂನಿಟ್‌ಗಳಿಗೆ ಮಾತ್ರ.

[ಎಲ್ಲ ಮೆಟ್ಟಿಲೂ ಕೆಂಪಾಗುತ್ತವೆ]
501 ಆಯಿತೋ, ಮೊದಲ ಯೂನಿಟ್‌ನಿಂದಲೇ ಒಂದೇ ದರ. ಅಗ್ಗದ ಮೆಟ್ಟಿಲುಗಳ ಲಾಭ ಪೂರ್ತಿ ಹೋಯಿತು! ಏಪ್ರಿಲ್–ಮೇ ಸೆಕೆಯಲ್ಲಿ ಎಸಿ ಮನೆಗಳು ಜಾರುವುದು ಇಲ್ಲೇ.

[ಎರಡು ಫ್ಯಾನ್ ತಿರುಗುತ್ತವೆ]
ದಿನಕ್ಕೆ 10 ಗಂಟೆಯಂತೆ 60 ದಿನ: 75 ವಾಟ್ ಹಳೆ ಫ್ಯಾನಿಗೆ 45 ಯೂನಿಟ್, 30 ವಾಟ್ ಬಿಎಲ್‌ಡಿಸಿ ಫ್ಯಾನಿಗೆ 18.
ಎಸಿ 26 ಡಿಗ್ರಿಯಲ್ಲಿಡಿ, ಫಿಲ್ಟರ್ ತೊಳೆಯಿರಿ.

[ಕ್ಯಾಲೆಂಡರ್]
30ನೇ ದಿನ ಮೀಟರ್ ನೋಡಿ. ಬಳಕೆ 250 ದಾಟಿದ್ದರೆ ಅಂದೇ ಕಡಿಮೆ ಮಾಡಿ.