ಆಡಿನ ಚರ್ಮ ಹದ ಮಾಡುವ ಕ್ರಮ: 200 ಕೆಜಿ ಬ್ಯಾಚ್, ಉಪ್ಪು ಚರ್ಮದಿಂದ ವೆಟ್ ಬ್ಲೂವರೆಗೆ

ಈ ಹಾಳೆ ಇಷ್ಟು ದಿನ ಇಂಗ್ಲಿಷ್‌ನಲ್ಲಿ ಡ್ರಮ್ಮಿನ ಪಕ್ಕ ನೇತಾಡುತ್ತಿತ್ತು. ಓದುತ್ತಿದ್ದವರು ಇಬ್ಬರೇ. ಉಳಿದವರು ಅವರನ್ನು ಕೇಳಿ ಕೆಲಸ ಮಾಡುತ್ತಿದ್ದರು, ಅವರು ರಜೆ ಹಾಕಿದ ದಿನ ಅಂದಾಜಿನ ಮೇಲೆ ಮಾಡುತ್ತಿದ್ದರು. ಇನ್ನು ಮೇಲೆ ಎಲ್ಲರೂ ಓದಬೇಕು. ಓದಲು ಬಾರದವರಿಗೆ ಪಾಳಿ ಶುರುವಾಗುವ ಮುಂಚೆ ಒಬ್ಬರು ಜೋರಾಗಿ ಓದಿ ಹೇಳಬೇಕು.

ಹೆಸರಿನ ಗೊಂದಲ

ಕೆಮಿಕಲ್ ಹೆಸರುಗಳನ್ನು ಬೇಕೆಂದೇ ಕನ್ನಡ ಮಾಡಿಲ್ಲ. ಗಂಧಕಾಮ್ಲ ಅಂತ ಬರೆದರೆ ಓದಲು ಚೆನ್ನ, ಆದರೆ ಕ್ಯಾನಿನ ಮೇಲೆ ಹಾಗೆ ಬರೆದಿರುವುದಿಲ್ಲವಲ್ಲ. ಚೀಲದ ಮೇಲಿರುವ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಪಿಕಲ್ ಅಂದರೆ ಉಪ್ಪಿನಕಾಯಿ ಅಲ್ಲ, ಉಪ್ಪು ಮತ್ತು ಆಸಿಡ್ ಸೇರಿಸಿದ ನೀರು. ಅದನ್ನೂ ಹಾಗೇ ಬಿಟ್ಟಿದ್ದೇವೆ.

ಒಂದು ಜೋಡಿ ಹೆಸರನ್ನು ಮಾತ್ರ ಬಾಯಿಪಾಠ ಮಾಡಿ: ಸಲ್ಫೈಡ್ ಮತ್ತು ಸಲ್ಫೇಟ್. ಗಲಾಟೆಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳುತ್ತವೆ. ಸೋಡಿಯಂ ಸಲ್ಫೈಡ್ ಕೂದಲು ಕಿತ್ತು ಬರಲು ಹಾಕುವುದು. ಹಳದಿ ಚಕ್ಕೆ, ಕೊಳೆತ ಮೊಟ್ಟೆಯ ವಾಸನೆ, ಚೀಲದ ಮೇಲೆ Na2S ಎಂದಿರುತ್ತದೆ. ಅಮೋನಿಯಂ ಸಲ್ಫೇಟ್ ಸುಣ್ಣ ತೆಗೆಯಲು ಹಾಕುವ ಬಿಳಿ ಪುಡಿ, ಅದರ ಗುರುತು (NH4)2SO4. ಕ್ರೋಮ್ ಪುಡಿಯ ಪೂರ್ತಿ ಹೆಸರಿನಲ್ಲೂ ಸಲ್ಫೇಟ್ ಇದೆ. ಅದಕ್ಕೇ ಸಲ್ಫೈಡ್ ಚೀಲಗಳಿಗೆ ಕೆಂಪು ಪಟ್ಟಿ ಬಳಿದು, ಆಸಿಡ್ ಇಡುವ ಕೋಣೆಯಿಂದ ದೂರ, ಒಣ ಜಾಗದಲ್ಲಿ ಇಟ್ಟಿದ್ದೇವೆ. ಬಾಯಲ್ಲಿ ಹೇಳಿದ್ದನ್ನು ನಂಬಿ ಚೀಲ ತರಬೇಡಿ. ಪಟ್ಟಿ ನೋಡಿ, ಗುರುತು ಓದಿ, ಆಮೇಲೆ ತನ್ನಿ.

ಎಲ್ಲಕ್ಕಿಂತ ಮೊದಲು: ಸುಣ್ಣದ ನೀರಿಗೆ ಆಸಿಡ್ ಸೇರಬಾರದು

ಸಲ್ಫೈಡ್ ಇರುವ ಸುಣ್ಣದ ನೀರಿಗೆ ಆಸಿಡ್ ಆಗಲಿ, ಪಿಕಲ್ ನೀರಾಗಲಿ, ಕ್ರೋಮ್ ನೀರಾಗಲಿ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಏಳುತ್ತದೆ. ಗುರುತು H2S. ಚರಂಡಿಯಲ್ಲಿ ಸೇರಿದರೂ ಅಷ್ಟೇ, ತೊಟ್ಟಿಯಲ್ಲಿ ಸೇರಿದರೂ ಅಷ್ಟೇ. ಇದು ಗಾಳಿಗಿಂತ ಭಾರ. ತಗ್ಗಿನಲ್ಲಿ, ತೊಟ್ಟಿಯ ತಳದಲ್ಲಿ, ಮ್ಯಾನ್‌ಹೋಲಿನೊಳಗೆ ನಿಲ್ಲುತ್ತದೆ.

ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ಆದ್ದರಿಂದ "ಈಗ ವಾಸನೆ ಹೋಯಿತು, ಇಳಿಯೋಣ" ಅನ್ನುವ ಮಾತೇ ಬೇಡ. ಗ್ಯಾಸ್ ಇನ್ನೂ ಹೆಚ್ಚಿದ್ದರೆ ನಾಲ್ಕಾರು ಉಸಿರಿಗೇ ಮನುಷ್ಯ ಬೀಳುತ್ತಾನೆ. ಮುಖಕ್ಕೆ ಕಟ್ಟುವ ಬಟ್ಟೆಯಾಗಲಿ, ಧೂಳಿನ ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ.

ತೊಟ್ಟಿಗೆ ಯಾರೂ ಇಳಿಯುವಂತಿಲ್ಲ. ಕೆಸರು ತೆಗೆಯುವುದು ಪಂಪಿನಿಂದ, ಮೇಲಿನಿಂದ. ಯಾರಾದರೂ ಒಳಗೆ ಬಿದ್ದರೆ ಹಿಂದೆ ಜಿಗಿಯಬೇಡಿ. ಒಬ್ಬನನ್ನು ಎತ್ತಲು ಹೋಗಿ ಎರಡನೆಯವನು, ಅವನನ್ನು ಎತ್ತಲು ಹೋಗಿ ಮೂರನೆಯವನು, ಹೀಗೇ ಹೋಗಿರುವುದು ಇಂಥ ತೊಟ್ಟಿಗಳಲ್ಲೇ. ಕೂಗಿ, ಎಲ್ಲರನ್ನೂ ಗಾಳಿ ಬರುವ ಕಡೆಗೆ ಕಳಿಸಿ, ಬ್ಲೋವರ್ ಹಾಕಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಉಸಿರಾಟದ ಸಿಲಿಂಡರ್ ಹಾಕಿಕೊಂಡವರು ಮಾತ್ರ ಇಳಿಯಬಹುದು.

ನೀರು ಬಿಡಲು ನಾಲ್ಕು ಕಾಲುವೆ ಬೇರೆ ಬೇರೆ ಇವೆ. ಬಿಳಿ ಬಣ್ಣದ್ದು ಉಪ್ಪು ನೀರಿಗೆ. ಕೆಂಪು ಸುಣ್ಣದ ನೀರಿಗೆ. ನೀಲಿ ಪಿಕಲ್ ಮತ್ತು ಕ್ರೋಮ್ ನೀರಿಗೆ. ಹಳದಿ ಉಳಿದದ್ದಕ್ಕೆ. ಡ್ರಮ್ಮಿನ ಮುಚ್ಚಳ ತೆಗೆಯುವ ಮುಂಚೆ ಕಾಲುವೆಯ ಹಲಗೆ ಯಾವ ಕಡೆಗಿದೆ ಎಂದು ನೋಡಿ.

1. ಉಪ್ಪು ಕೊಡವಿ ನೆನೆ ಹಾಕುವುದು

ಚರ್ಮವನ್ನು ಮರದ ಚೌಕಟ್ಟಿನ ಮೇಲೆ ಬಡಿದು ಉಪ್ಪು ಉದುರಿಸಿ. ಕಾಟಾಚಾರಕ್ಕೆ ಎರಡು ಸಲ ಕೊಡವಿ ಬಿಡಬೇಡಿ. ನೀರಿನಲ್ಲಿ ಕರಗಿದ ಉಪ್ಪನ್ನು ಮತ್ತೆ ತೆಗೆಯಲು ಯಾವ ಸುಲಭದ ದಾರಿಯೂ ಇಲ್ಲ. ಇಲ್ಲಿ ಉದುರಿದಷ್ಟೂ ಲಾಭ. ಉದುರಿದ ಉಪ್ಪನ್ನು ಗುಡಿಸಿ ಚೀಲಕ್ಕೆ ತುಂಬಿ, ಚರಂಡಿಗೆ ತಳ್ಳಬೇಡಿ.

ಕೈ ಮೇಲೆ ಗಾಯವಿದ್ದರೆ ಪಟ್ಟಿ ಕಟ್ಟಿ, ಗ್ಲೌಸ್ ಹಾಕಿಯೇ ಹಸಿ ಚರ್ಮ ಮುಟ್ಟಿ. ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಎದ್ದರೆ ಅದು ಆಂಥ್ರಾಕ್ಸ್ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ, ಚರ್ಮದ ಕೆಲಸ ಮಾಡುತ್ತೇನೆ ಎಂದು ಹೇಳಿ.

ಮೊದಲ ತೊಳೆತ: ನೀರು 400 ಲೀಟರ್, 30 ನಿಮಿಷ. ಬಿಳಿ ಕಾಲುವೆಗೆ ಬಿಡಿ. ಎರಡನೆಯದು: ನೀರು 600 ಲೀಟರ್, ವೆಟಿಂಗ್ ಏಜೆಂಟ್ 400 ಗ್ರಾಂ, ಕೊಳೆಯದಂತೆ ಹಾಕುವ ಪ್ರಿಸರ್ವೇಟಿವ್ 200 ಗ್ರಾಂ, 4ರಿಂದ 6 ಗಂಟೆ. ಕುತ್ತಿಗೆಯ ಭಾಗ ಮಡಿಸಿ ನೋಡಿ, ಬಿರುಸು ಇರಬಾರದು. ಈ ನೀರೂ ಬಿಳಿ ಕಾಲುವೆಗೇ. ಅದು ಬಿಸಿಲಿಗೆ ಆರುವ ತೊಟ್ಟಿಗೆ ಹೋಗುತ್ತದೆ.

2. ಸುಣ್ಣ ಬಳಿದು ಕೂದಲು ತೆಗೆಯುವುದು

ರಬ್ಬರ್ ಗ್ಲೌಸ್, ಏಪ್ರನ್, ಗಂಬೂಟು, ಕನ್ನಡಕ ಎಲ್ಲವೂ ಬೇಕು. ಸಲ್ಫೈಡ್ ಕೂದಲನ್ನೇ ಕರಗಿಸುತ್ತದೆ, ನಿಮ್ಮ ಕೈ ಚರ್ಮವನ್ನು ಬಿಡುತ್ತದೆಯೇ?

ನೀರು 30 ಲೀಟರ್, ಅರಳಿದ ಸುಣ್ಣ 20 ಕೆಜಿ, ಸೋಡಿಯಂ ಸಲ್ಫೈಡ್ 5 ಕೆಜಿ. ಸಲ್ಫೈಡನ್ನು ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ ಸುಣ್ಣ ಕಲಸಿ. ಬ್ರಷ್ಷಿನಿಂದ ಹನಿ ಇಳಿಯದಷ್ಟು ಗಟ್ಟಿ ಇರಲಿ. ಮಾಂಸದ ಕಡೆಗೆ ಮಾತ್ರ ಬಳಿಯಿರಿ. ಮಾಂಸಕ್ಕೆ ಮಾಂಸದ ಕಡೆ ಸೇರಿಸಿ ಪೇರಿಸಿ, ರಾತ್ರಿ ಬಿಡಿ. ಬೆಳಿಗ್ಗೆ ಕೂದಲು ಎಳೆದರೆ ಬೇರು ಸಮೇತ ಬರುತ್ತದೆ. ಕೂದಲನ್ನು ನೀರಿಗೆ ಬಿಡದೆ ಬುಟ್ಟಿಗೆ ತುಂಬಿ.

ಆಮೇಲೆ ಸುಣ್ಣದ ತೊಟ್ಟಿ: ನೀರು 600 ಲೀಟರ್, ಸುಣ್ಣ 20 ಕೆಜಿ, ಎರಡು ದಿನ. ದಿನಕ್ಕೆ ಎರಡು ಸಲ ಉದ್ದ ಕೋಲಿನಿಂದ ತಿರುವಿ. ಇಲ್ಲಿನ ನೀರೆಲ್ಲ ಕೆಂಪು ಕಾಲುವೆಗೆ.

ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ನಂತರ ಆಸ್ಪತ್ರೆಗೆ ಹೋಗಿ. ಒಣ ಸುಣ್ಣ ಮೈ ಮೇಲೆ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ನೀರು.

3. ಫ್ಲೆಶಿಂಗ್, ತೂಕ

ಮಾಂಸ, ಕೊಬ್ಬು ತೆಗೆದು, ಅಂಚು ಕತ್ತರಿಸಿ, ಮತ್ತೆ ತೂಗಿ. ಮುಂದಿನ ಲೆಕ್ಕವೆಲ್ಲ ಈ ತೂಕದ ಮೇಲೆ. ಕೆಳಗೆ 200 ಕೆಜಿ ಎಂದು ಹಿಡಿದಿದ್ದೇವೆ. ತಕ್ಕಡಿ 180 ತೋರಿಸಿದರೆ ಪ್ರತಿಯೊಂದನ್ನೂ ಹತ್ತರಲ್ಲಿ ಒಂದು ಪಾಲು ಇಳಿಸಿ. "ಹೋದ ಸಲ ಇಷ್ಟೇ ಹಾಕಿದ್ವಿ" ಅನ್ನುವುದು ಲೆಕ್ಕವಲ್ಲ.

4. ಸುಣ್ಣ ಬಿಡಿಸುವುದು, ಬೇಟಿಂಗ್

ಮೊದಲು ಎರಡು ಸಲ ಚೆನ್ನಾಗಿ ತೊಳೆಯಿರಿ. ಚರ್ಮದೊಳಗೆ ಸಲ್ಫೈಡ್ ಉಳಿದಿದ್ದರೆ ಮುಂದಿನ ಹಂತದಲ್ಲಿ ಡ್ರಮ್ಮಿನೊಳಗೇ ಗ್ಯಾಸ್ ಏಳುತ್ತದೆ. ತೊಳೆದ ನೀರು ಕೆಂಪು ಕಾಲುವೆಗೆ.

ನೀರು 200 ಲೀಟರ್, ಅಮೋನಿಯಂ ಸಲ್ಫೇಟ್ 3 ಕೆಜಿ, 60 ನಿಮಿಷ. ಅಮೋನಿಯಾ ಘಾಟು ಕಣ್ಣು ಉರಿಸುತ್ತದೆ. ಬಾಗಿಲು ತೆಗೆಯುವಾಗ ಪಕ್ಕಕ್ಕೆ ನಿಲ್ಲಿ, ಮುಖ ಒಳಗೆ ಹಾಕಬೇಡಿ. ಕುತ್ತಿಗೆಯ ಹತ್ತಿರ ಒಂದು ಚೂರು ಕತ್ತರಿಸಿ, ಕತ್ತರಿಸಿದ ಅಂಚಿಗೆ ಫಿನಾಲ್ಫ್ಥಲೀನ್ ಹನಿ ಹಾಕಿ. ಗುಲಾಬಿ ಬಂದರೆ ಸುಣ್ಣ ಇನ್ನೂ ಇದೆ, ಇನ್ನಷ್ಟು ತಿರುಗಿಸಿ. ಬಣ್ಣ ಬರದಿದ್ದರೆ ಆಯಿತು.

ನೀರನ್ನು 37 ಡಿಗ್ರಿಗೆ ತಂದು ಬೇಟ್ ಪುಡಿ 1 ಕೆಜಿ ಹಾಕಿ, 45 ನಿಮಿಷ. ಹೆಬ್ಬೆರಳಿನಿಂದ ಒತ್ತಿದ ಗುರುತು ಹಾಗೇ ಉಳಿಯಬೇಕು. ಜಾಸ್ತಿ ಹೊತ್ತು ಬಿಟ್ಟರೆ ಚರ್ಮ ಸಡಿಲವಾಗುತ್ತದೆ, ಆಮೇಲೆ ಸರಿಮಾಡಲು ಆಗುವುದಿಲ್ಲ. ನೀರು ಹಳದಿ ಕಾಲುವೆಗೆ.

5. ಪಿಕಲ್

ನೀರು 160 ಲೀಟರ್, ಉಪ್ಪು 16 ಕೆಜಿ. 10 ನಿಮಿಷ ತಿರುಗಿಸಿ. ಉಪ್ಪು ಮೊದಲು, ಆಸಿಡ್ ಆಮೇಲೆ. ತಿರುಗುಮುರುಗಾದರೆ ಚರ್ಮ ಉಬ್ಬಿ ಕೆಡುತ್ತದೆ.

ಫಾರ್ಮಿಕ್ ಆಸಿಡ್, ಅಂದರೆ HCOOH, 1 ಕೆಜಿಯನ್ನು 10 ಲೀಟರ್ ನೀರಿಗೆ ಬೆರೆಸಿ ಹಾಕಿ, 20 ನಿಮಿಷ. ನಂತರ ಸಲ್ಫ್ಯೂರಿಕ್ ಆಸಿಡ್, H2SO4, 2 ಕೆಜಿಯನ್ನು 20 ಲೀಟರ್ ತಣ್ಣೀರಿಗೆ ನಿಧಾನವಾಗಿ ಹುಯ್ಯಿರಿ. ನೀರಿಗೆ ಆಸಿಡ್. ಆಸಿಡ್‌ಗೆ ನೀರು ಯಾವತ್ತೂ ಅಲ್ಲ, ಕುದಿದು ಮುಖಕ್ಕೆ ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ ಬಳಸಿ. ಬೆರೆಸಿದ್ದು ಬಿಸಿಯಾಗುತ್ತದೆ, ಆರಿದ ಮೇಲೆ ಮೂರು ಪಾಲು ಮಾಡಿ, 15 ನಿಮಿಷಕ್ಕೊಮ್ಮೆ ಹಾಕಿ. ಎರಡು ಗಂಟೆ ತಿರುಗಿಸಿ. ನೀರಿನ pH 2.8ರಿಂದ 3.0. ಕತ್ತರಿಸಿದ ಅಂಚಿಗೆ ಬ್ರೋಮೋಕ್ರೆಸಾಲ್ ಗ್ರೀನ್ ಹಾಕಿದರೆ ಪೂರ್ತಿ ಹಳದಿ ಬರಬೇಕು.

ಮೈಗೆ ಬಿದ್ದರೆ ಬಟ್ಟೆ ಬಿಚ್ಚಿ ಸಾಕಷ್ಟು ನೀರು ಹುಯ್ಯಿರಿ. ಸೋಡಾ ಪುಡಿ ಉಜ್ಜಬೇಡಿ.

6. ಕ್ರೋಮ್

ಅರ್ಧ ಪಿಕಲ್ ನೀರನ್ನು ತೆಗೆದು ಮುಂದಿನ ಬ್ಯಾಚಿನ ಪಿಕಲ್‌ಗೆ ಎತ್ತಿಡಿ. ಉಳಿದ ನೀರಿಗೆ ಬೇಸಿಕ್ ಕ್ರೋಮಿಯಂ ಸಲ್ಫೇಟ್ 16 ಕೆಜಿ. ಹಸಿರು ಪುಡಿ, ಚೀಲದ ಮೇಲೆ BCS ಎಂದಿರುತ್ತದೆ. ಎರಡು ಗಂಟೆ ತಿರುಗಿಸಿ, ಚೂರು ಕತ್ತರಿಸಿ ನೋಡಿ. ನಡುವೆ ಬಿಳಿ ಗೆರೆ ಇದ್ದರೆ ಬಣ್ಣ ಇಳಿದಿಲ್ಲ, ಮುಂದಕ್ಕೆ ಹೋಗಬೇಡಿ. ಇಳಿದಿದ್ದರೆ ನೀರು 80 ಲೀಟರ್, ಸೋಡಿಯಂ ಫಾರ್ಮೇಟ್ 2 ಕೆಜಿ, 30 ನಿಮಿಷ.

ಈಗ ಸೋಡಿಯಂ ಬೈಕಾರ್ಬನೇಟ್ 2 ಕೆಜಿಯನ್ನು 40 ಲೀಟರ್ ನೀರಿನಲ್ಲಿ ಕರಗಿಸಿ, ನಾಲ್ಕು ಪಾಲು, 15 ನಿಮಿಷಕ್ಕೊಂದು. ಗುರುತು NaHCO3. ಸೋಡಾ ಆಶ್ ಬೇರೆ, ಅದು Na2CO3, ಜೋರು ಜಾಸ್ತಿ. ಅದನ್ನು ಹಾಕಿದರೆ ಮೇಲ್ಮೈ ಒರಟಾಗಿ ಕಲೆ ಬೀಳುತ್ತದೆ. ಎಲ್ಲ ಪಾಲು ಹಾಕಿದ ಮೇಲೆ 90 ನಿಮಿಷ. ಕೊನೆಯ pH 3.8ರಿಂದ 4.0. ಒಂದು ಚೂರಿನ ಸುತ್ತ ಕಾಗದದ ಮೇಲೆ ಗೆರೆ ಎಳೆದುಕೊಂಡು, ಅದನ್ನು ಕುದಿಯುವ ನೀರಿನಲ್ಲಿ 2 ನಿಮಿಷ ಹಾಕಿ. ತೆಗೆದು ಗೆರೆಯ ಮೇಲಿಟ್ಟಾಗ ಕುಗ್ಗಿರಬಾರದು.

ನಾವು ಬಳಸುವ ಕ್ರೋಮ್ ಮೂರನೇ ರೂಪದ್ದು. ಆರನೇ ರೂಪಕ್ಕೆ ತಿರುಗಿದರೆ ಅದು ಕ್ಯಾನ್ಸರ್ ತರುವ ವಿಷ. ಹಾಗಾಗಿ ಕ್ರೋಮ್ ನೀರಿನ ಹತ್ತಿರ ಬ್ಲೀಚಿಂಗ್ ಪೌಡರ್ ತರಬೇಡಿ. ಕ್ರೋಮ್ ಚರ್ಮದ ಚೂರು, ಹೆರೆದ ಪುಡಿಯನ್ನು ಚಳಿ ಕಾಯಿಸಲೋ ನೀರು ಕಾಯಿಸಲೋ ಸುಡಬೇಡಿ.

7. ಉಳಿದ ನೀರಿನ ಕೆಲಸ

ಕೆಂಪು ತೊಟ್ಟಿ: ಮ್ಯಾಂಗನೀಸ್ ಸಲ್ಫೇಟ್ ಹಾಕಿ ಬ್ಲೋವರ್ ಬಿಡದೆ ಓಡಲಿ. ಲೆಡ್ ಅಸಿಟೇಟ್ ಕಾಗದ ಅದ್ದಿದರೆ ಕಪ್ಪಾಗುವವರೆಗೂ ಸಲ್ಫೈಡ್ ಇದೆ ಎಂದೇ ಅರ್ಥ. ಕಾಗದ ಕಪ್ಪಾಗದ ಮೇಲೆ ಮಾತ್ರ ದೊಡ್ಡ ತೊಟ್ಟಿಗೆ ಬಿಡಿ. ರಾತ್ರಿ ಕರೆಂಟ್ ಉಳಿಸಲು ಬ್ಲೋವರ್ ನಿಲ್ಲಿಸುವವರು ಈ ಸಾಲನ್ನು ಇನ್ನೊಂದು ಸಲ ಓದಿ.

ನೀಲಿ ತೊಟ್ಟಿ: ಮೆಗ್ನೀಸಿಯಂ ಆಕ್ಸೈಡ್ ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಕಿ, pH 8ರಿಂದ 8.5ಕ್ಕೆ ತನ್ನಿ. ರಾತ್ರಿ ಬಿಟ್ಟರೆ ಹಸಿರು ಕೆಸರು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರು ದೊಡ್ಡ ತೊಟ್ಟಿಗೆ. ಕೆಸರು ಎಸೆಯುವುದಲ್ಲ, ಮೇಸ್ತ್ರಿ ಅದನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ ಮತ್ತೆ ಕ್ರೋಮ್ ಮಾಡುತ್ತಾರೆ. ಡ್ರಮ್ ತೊಳೆದ ಮೊದಲ ನೀರು, ವೆಟ್ ಬ್ಲೂ ಪೇರಿಸಿದ ಕುದುರೆಯಿಂದ ರಾತ್ರಿಯಿಡೀ ತೊಟ್ಟಿಕ್ಕುವ ನೀಲಿ ನೀರು, ಎರಡೂ ಇದೇ ತೊಟ್ಟಿಗೆ ಸೇರಬೇಕು. ಕುದುರೆಯ ಕೆಳಗೆ ತಟ್ಟೆ ಇಟ್ಟು ಮನೆಗೆ ಹೋಗಿ.