ವಿಷಯ: ನಿಮ್ಮ ಅವಲಕ್ಕಿ ಸರಕ್ಕೆ 21 ದಿನಗಳ ಸಣ್ಣ ಜಾಹೀರಾತು ಪ್ರಯೋಗ, ಒಟ್ಟು ಖರ್ಚು 12,434 ರೂಪಾಯಿ

ಮಾನ್ಯ ಶೇಟ್ ಅವರಿಗೆ ನಮಸ್ಕಾರಗಳು.

ನಾನು ಸುಮನಾ, ಇಲ್ಲೇ ವಿನೋಬನಗರದವಳು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಗೂಗಲ್‌ನಲ್ಲಿ ಸಣ್ಣ ಅಂಗಡಿಗಳಿಗೆ ಜಾಹೀರಾತು ಮಾಡಿಕೊಡುವುದು ನನ್ನ ಕೆಲಸ. ಯಾವ ಏಜೆನ್ಸಿಗೂ ಸೇರಿದವಳಲ್ಲ, ಒಬ್ಬಳೇ ಮಾಡುತ್ತೇನೆ. ದೀಪಾವಳಿಗೆ ಮುಂಚಿನ ವಾರ ಅಮ್ಮನ ಕರಿಮಣಿ ಸರ ಮತ್ತೆ ಪೋಣಿಸಿಕೊಳ್ಳಲು ಗಾಂಧಿ ಬಜಾರಿನ ನಿಮ್ಮ ಅಂಗಡಿಗೆ ಬಂದಿದ್ದೆವು. ಪೋಣಿಸಿ ಮುಗಿಯುವವರೆಗೆ ಮುಕ್ಕಾಲು ಗಂಟೆ ಅಲ್ಲೇ ಕುಳಿತಿದ್ದೆವು. ಆ ಹೊತ್ತಿನಲ್ಲಿ ಕಂಡದ್ದೇ ಈ ಪತ್ರಕ್ಕೆ ಕಾರಣ.

ನಮ್ಮ ಪಕ್ಕದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ, ಮೊಮ್ಮಗಳ ಜೊತೆ ಕುಳಿತಿದ್ದರು. ಕರವಸ್ತ್ರದ ಗಂಟು ಬಿಚ್ಚಿ ಒಂದು ಹಳೆಯ ಅವಲಕ್ಕಿ ಸರವನ್ನು ಗಾಜಿನ ಮೇಲೆ ಇಟ್ಟರು. ಮೂರು ಕಡೆ ಕೊಂಡಿ ಸವೆದಿತ್ತು, ಒಂದು ಕಡೆ ಕೆಂಪು ದಾರದಿಂದ ಕಟ್ಟಿದ್ದರು. "ಇದೇ ಬಂಗಾರ ಹಾಕಿ, ಇದೇ ಥರ, ಇವಳ ಮದುವೆಗೆ ಮಾಡಿಕೊಡುತ್ತೀರಾ?" ಎಂದು ಕೇಳಿದರು. ನೀವು ಅದನ್ನು ತಕ್ಕಡಿಯಲ್ಲಿ ಇಡುವ ಮೊದಲು ದಾರವನ್ನು ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಿರಿ, ದಾರದ ತೂಕ ಸೇರಬಾರದೆಂದು. ಆಮೇಲೆ ಒಳಗಿನ ಕೋಣೆಯ ಪರದೆ ಸರಿಸಿ ಆಚಾರ್ಯರನ್ನು ಕರೆದಿರಿ. ಅವರು ಚಿಮಟದಲ್ಲಿ ಒಂದೊಂದೇ ಅವಲಕ್ಕಿಯನ್ನು ತಿರುಗಿಸಿ ನೋಡಿ, "ಕೈಯಲ್ಲಿ ತಟ್ಟಿದ್ದು, ಅಚ್ಚಿನದಲ್ಲ. ಮಾಡೋಣ" ಎಂದರು. ಆ ಮಾತು ಕೇಳಿದ ಮೊಮ್ಮಗಳ ಮುಖ ಅರಳಿದ್ದನ್ನು ನೀವು ಗಮನಿಸಿದಿರೋ ಇಲ್ಲವೋ. ನಾನು ಗಮನಿಸಿದೆ.

ಮನೆಗೆ ಬಂದು ಮೊಬೈಲಿನಲ್ಲಿ ನಿಮ್ಮ ಅಂಗಡಿಯನ್ನು ಹುಡುಕಿದೆ. ಗೂಗಲ್ ನಕ್ಷೆಯಲ್ಲಿ ಅಂಗಡಿ ಇದೆ, ಆದರೆ ಭಾನುವಾರವೂ ತೆರೆದಿರುತ್ತದೆ ಎಂದು ತೋರಿಸುತ್ತದೆ. ನಿಮ್ಮ ಬಾಗಿಲ ಮೇಲಿನ ಫಲಕದಲ್ಲಿ ಭಾನುವಾರ ರಜೆ ಎಂದಿದೆ. ಇರುವ ನಾಲ್ಕು ಫೋಟೊಗಳಲ್ಲಿ ಮೂರು ರಸ್ತೆಯವು. ಅವಲಕ್ಕಿ ಸರ, ಕಾಸಿನ ಸರ, ಬುಗುಡಿ, ಬೆಂಡೋಲೆ ಯಾವುದರ ಹೆಸರೂ ಎಲ್ಲೂ ಇಲ್ಲ. ಒಳಗೆ ಕುಳಿತು ಕೈಯಲ್ಲಿ ಕೆಲಸ ಮಾಡುವ ಅಕ್ಕಸಾಲಿಗರು ಇದ್ದಾರೆ ಎಂಬುದು ಪರದೆ ಸರಿದರೆ ಮಾತ್ರ ಗೊತ್ತಾಗುವ ಗುಟ್ಟಾಗಿ ಉಳಿದಿದೆ. ಹೊಸನಗರದಲ್ಲೋ ಸಾಗರದಲ್ಲೋ ಅದೇ ರೀತಿ ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟುಕೊಂಡ ಇನ್ನೆಷ್ಟು ಅಜ್ಜಿಯರಿದ್ದಾರೋ, ಅವರಿಗೆ ನಿಮ್ಮ ಅಂಗಡಿಯ ದಾರಿ ಗೊತ್ತಾಗುವುದಾದರೂ ಹೇಗೆ?

ದೊಡ್ಡ ಮಳಿಗೆಗಳ ಜೊತೆ ಜಾಹೀರಾತಿನಲ್ಲಿ ಪೈಪೋಟಿಗೆ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ಮಜೂರಿಯಲ್ಲಿ ರಿಯಾಯಿತಿ ಎಂದು ಅವರು ಊರು ತುಂಬ ಫಲಕ ಹಾಕುತ್ತಾರೆ, ಅವರ ಒಂದು ದಿನದ ಖರ್ಚು ನಿಮ್ಮ ವರ್ಷದ ಖರ್ಚಿಗಿಂತ ಹೆಚ್ಚಿರಬಹುದು. ರಿಯಾಯಿತಿಯ ಮಾತು ಎತ್ತಿದರೆ ನೀವು ಸೋಲುತ್ತೀರಿ. ಆದರೆ ಅಜ್ಜಿಯ ಸರವನ್ನು ನೋಡಿ, ಅದೇ ಬಂಗಾರದಲ್ಲಿ, ಅದೇ ಥರ ಕೈಯಲ್ಲಿ ಮಾಡಿಕೊಡುತ್ತೇವೆ ಎಂದು ಹೇಳಲು ನಿಮಗೆ ಸಾಧ್ಯ. ಬಂಗಾರದ ದರ ಇಷ್ಟು ಏರಿರುವಾಗ ಮನೆಯಲ್ಲಿರುವ ಹಳೆಯ ಒಡವೆಯನ್ನೇ ಮದುವೆಗೆ ಹೊಸದಾಗಿ ಮಾಡಿಸಿಕೊಳ್ಳೋಣ ಎನ್ನುವವರಿಗೆ ಈ ಮಾತು ನೇರವಾಗಿ ತಲುಪುತ್ತದೆ.

ಆದ್ದರಿಂದ ನನ್ನ ಪ್ರಸ್ತಾವ ಬಹಳ ಚಿಕ್ಕದು. ಇಡೀ ಅಂಗಡಿಗೆ ಜಾಹೀರಾತು ಬೇಡ. ಒಂದೇ ಒಡವೆ, ಅವಲಕ್ಕಿ ಸರ. ನವೆಂಬರ್ 24ರ ಸೋಮವಾರದಿಂದ ಡಿಸೆಂಬರ್ 14ರ ಭಾನುವಾರದವರೆಗೆ, 21 ದಿನ. ಈ ದಿನಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಡಿಕೆ ಕೊಯ್ಲು ನಡೆಯುತ್ತಿದೆ, ಮನೆಗಳಿಗೆ ದುಡ್ಡು ಬರುವ ಕಾಲ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿದರೆ ಶುಭಕಾರ್ಯಗಳ ಮಾತು ನಿಲ್ಲುತ್ತದೆ, ಸಂಕ್ರಾಂತಿ ಕಳೆದ ಮೇಲೆ ಮತ್ತೆ ಮುಹೂರ್ತಗಳು. ಆ ಮದುವೆಗಳಿಗೆ ಕೈಕೆಲಸದ ಸರ ಬೇಕೆಂದರೆ ಧನುರ್ಮಾಸಕ್ಕೆ ಮೊದಲೇ ಒಪ್ಪಿಸಬೇಕು. ಆ ತಿಂಗಳು ಅಂಗಡಿಯಲ್ಲಿ ಗದ್ದಲ ಕಡಿಮೆ ಇರುವಾಗ ಆಚಾರ್ಯರಿಗೂ ನೆಮ್ಮದಿಯಿಂದ ಕೆಲಸ ಮಾಡಲು ಸಮಯ ಸಿಗುತ್ತದೆ.

ಜಾಹೀರಾತು ಎರಡು. ಒಂದು, ಇಪ್ಪತ್ತು ಸೆಕೆಂಡಿನ ವಿಡಿಯೊ: ಆಚಾರ್ಯರ ಕೈಗಳು, ಸುತ್ತಿಗೆ, ತಟ್ಟಿದಂತೆ ಅಗಲವಾಗುವ ಬಂಗಾರದ ಚೂರು. ಹಾಡು ಬೇಡ, ಸುತ್ತಿಗೆಯ ಸದ್ದೇ ಸಾಕು. ಬಹಳ ಜನ ಸದ್ದು ಮುಚ್ಚಿಯೇ ನೋಡುವುದರಿಂದ ಮಾತುಗಳು ಪರದೆಯ ಮೇಲೆ ಅಕ್ಷರದಲ್ಲಿ ಇರುತ್ತವೆ. ಮತ್ತೊಂದು, ಒಂದೇ ಫೋಟೊ: ಸವೆದ ಹಳೆಯ ಸರ, ಪಕ್ಕದಲ್ಲಿ ಹೊಸದು. ಘಟ್ಟದ ಕಡೆ ನೆಟ್‌ವರ್ಕ್ ಸಿಗುವುದೇ ಕಷ್ಟ, ವಿಡಿಯೊ ತೆರೆಯದ ಮನೆಗಳಿಗೆ ಫೋಟೊವಾದರೂ ತಲುಪುತ್ತದೆ. ಮೊದಲ ವಾರ ಎರಡನ್ನೂ ಓಡಿಸಿ, ಯಾವುದಕ್ಕೆ ಜನ ಸಂದೇಶ ಕಳುಹಿಸುತ್ತಾರೋ ಅದನ್ನು ಮಾತ್ರ ಮುಂದುವರಿಸುತ್ತೇನೆ.

ಬರಹ ಹೀಗಿರಲಿ ಎಂದು ಯೋಚಿಸಿದ್ದೇನೆ. ನಿಮಗೆ ಸರಿ ಕಾಣದ ಮಾತನ್ನು ತಿದ್ದಿ:

"ಅಜ್ಜಿಯ ಅವಲಕ್ಕಿ ಸರ ಪೆಟ್ಟಿಗೆಯಲ್ಲಿ ಇದೆಯೇ? ಕೊಂಡಿ ಸವೆದಿದೆಯೇ? ಅದೇ ಬಂಗಾರದಲ್ಲಿ, ಅದೇ ಮಾದರಿಯಲ್ಲಿ, ಕೈಯಲ್ಲೇ ತಟ್ಟಿ ಮೊಮ್ಮಗಳಿಗೆ ಹೊಸ ಸರ ಮಾಡಿಕೊಡುತ್ತೇವೆ. ತೂಕ ನಿಮ್ಮ ಕಣ್ಣೆದುರಿನಲ್ಲೇ. ಹೊಸ ಸರಕ್ಕೆ ಹಾಲ್‌ಮಾರ್ಕ್ ಇರುತ್ತದೆ. ಹಳೆಯ ಸರದ ಒಂದು ಫೋಟೊವನ್ನು ವಾಟ್ಸ್ಆ್ಯಪ್‌ಗೆ ಕಳುಹಿಸಿ. ಗಾಂಧಿ ಬಜಾರ್, ಶಿವಮೊಗ್ಗ. ಭಾನುವಾರ ರಜೆ."

ಹಾಲ್‌ಮಾರ್ಕ್ ವಿಷಯವನ್ನು ಬೇಕೆಂದೇ ಸೇರಿಸಿದ್ದೇನೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ ಇರಲೇಬೇಕು ಎಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ. ಆದರೆ ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾವೇ ಪರೀಕ್ಷಿಸಿಕೊಳ್ಳಬಹುದು ಎಂಬುದು ಹಳ್ಳಿಯ ಎಷ್ಟೋ ಗ್ರಾಹಕರಿಗೆ ಗೊತ್ತಿಲ್ಲ. ಅಂದು ನೀವು ಅಮ್ಮನಿಗೆ ಭೂತಗನ್ನಡಿ ಕೊಟ್ಟು ತಾಳಿಯ ಹಿಂದಿನ ಗುರುತನ್ನು ತೋರಿಸಿದಿರಲ್ಲ, ಅದನ್ನೂ ವಿಡಿಯೊದ ಕೊನೆಯ ಮೂರು ಸೆಕೆಂಡಿನಲ್ಲಿ ಹಿಡಿಯಬೇಕೆಂದು ಆಸೆ.

ಶಿವಮೊಗ್ಗ ನಗರ, ತೀರ್ಥಹಳ್ಳಿ, ಹೊಸನಗರ, ಸಾಗರ, ಈ ನಾಲ್ಕು ಕಡೆಯವರಿಗೆ ಮಾತ್ರ ಜಾಹೀರಾತು ಕಾಣಿಸುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗಿಯರಿಗೂ ತೋರಿಸಬಹುದಿತ್ತು, ಆದರೆ ಇಷ್ಟು ಸಣ್ಣ ಹಣವನ್ನು ಅಷ್ಟು ದೊಡ್ಡ ಊರಿಗೆ ಹರಡಿದರೆ ಎಲ್ಲೂ ನಿಲ್ಲುವುದಿಲ್ಲ.

ಲೆಕ್ಕ ಇಷ್ಟೇ. ದಿನಕ್ಕೆ 300 ರೂಪಾಯಿಯಂತೆ 21 ದಿನಕ್ಕೆ 6,300. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 1,134. ನನ್ನ ಸಂಭಾವನೆ 5,000. ಒಟ್ಟು 12,434. ಜಾಹೀರಾತಿನ ಹಣವನ್ನು ನನಗೆ ಕೊಡಬೇಡಿ. ಖಾತೆಯನ್ನು ನಿಮ್ಮ ಹೆಸರಿನಲ್ಲೇ ತೆರೆಯುತ್ತೇನೆ, ಹಣವನ್ನು ಯುಪಿಐ ಮೂಲಕ ನೀವೇ ನೇರವಾಗಿ ತುಂಬಿ, ನಿಮ್ಮ ಜಿಎಸ್‌ಟಿ ಸಂಖ್ಯೆ ಸೇರಿಸಿದರೆ ಬಿಲ್ಲೂ ನಿಮ್ಮ ಹೆಸರಿಗೆ ಬರುತ್ತದೆ. ನಾಳೆ ನನ್ನನ್ನು ಬಿಟ್ಟರೂ ಖಾತೆ, ಫೋಟೊ, ವಿಡಿಯೊ ಎಲ್ಲವೂ ನಿಮ್ಮವೇ. ನನ್ನ 5,000ದಲ್ಲಿ ಅರ್ಧ ಆರಂಭದಲ್ಲಿ, ಇನ್ನರ್ಧ ಡಿಸೆಂಬರ್ 15ರಂದು ಲೆಕ್ಕ ಒಪ್ಪಿಸಿದ ಮೇಲೆ ಕೊಟ್ಟರೆ ಸಾಕು.

ಎಷ್ಟು ಸರ ಮಾರಾಟವಾಗುತ್ತದೆ ಎಂದು ನಾನು ಮಾತು ಕೊಡಲಾರೆ. ಎರಡು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಗೆ ಮಾಡಿದ ಜಾಹೀರಾತನ್ನು ಸಾವಿರಾರು ಜನ ನೋಡಿದರು, ಮೆಚ್ಚಿದರು. ಅಂಗಡಿಗೆ ಬಂದವರು ಯಾರು ಎಂದು ಮಾಲೀಕರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅವರ ಹಣ ಹೋಯಿತು, ನನಗೆ ಹಲವು ದಿನ ನಿದ್ದೆ ಬರಲಿಲ್ಲ. ಅಂದಿನಿಂದ ನೋಡಿದವರ ಸಂಖ್ಯೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಗಲ್ಲಾದ ಪಕ್ಕದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡೋಣ. ಸಂದೇಶ ಕಳುಹಿಸಿದವರು ಯಾವ ಊರಿನವರು, ಏನು ಕೇಳಿದರು, ಅಂಗಡಿಗೆ ಬಂದರೇ, ಒಪ್ಪಿಸಿದರೇ, ಇಷ್ಟನ್ನು ಬರೆದರೆ ಸಾಕು. 21 ದಿನದಲ್ಲಿ ಜಾಹೀರಾತು ನೋಡಿ ಮೂರು ಮನೆಯವರಾದರೂ ಅಂಗಡಿಗೆ ಬರದಿದ್ದರೆ, ಎರಡನೆಯ ಸುತ್ತು ಮಾಡೋಣ ಎಂದು ನಾನೇ ಕೇಳುವುದಿಲ್ಲ.

ನಿಮ್ಮ ಕಡೆಯಿಂದ ಆಗಬೇಕಾದ್ದು ಎರಡು. ಮೊದಲನೆಯದು, ಚಿತ್ರೀಕರಣಕ್ಕೆ ಆಚಾರ್ಯರ ಒಪ್ಪಿಗೆ. ಮುಖ ಬೇಡ ಎಂದರೆ ಕೈಗಳನ್ನು ಮಾತ್ರ ತೆಗೆಯುತ್ತೇನೆ, ಅವರ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ವಾಟ್ಸ್ಆ್ಯಪ್‌ಗೆ ಬಂದ ಸಂದೇಶಕ್ಕೆ ಅಂಗಡಿ ತೆರೆದಿರುವ ಹೊತ್ತಿನಲ್ಲಿ ಒಂದು ಗಂಟೆಯೊಳಗೆ ಯಾರಾದರೂ ಉತ್ತರಿಸಬೇಕು. ಅರವತ್ತು ಕಿಲೋಮೀಟರ್ ಆಚೆಯಿಂದ ಅಜ್ಜಿಯ ಸರದ ಫೋಟೊ ಕಳುಹಿಸಿದವರಿಗೆ ಎರಡು ದಿನ ಉತ್ತರ ಬರದಿದ್ದರೆ ಅವರು ಬಸ್ ಹತ್ತುವುದಿಲ್ಲ. ಲೆಕ್ಕದ ಮೇಜಿನಲ್ಲಿ ಕೂರುವ ಹುಡುಗಿಗೆ ನಾನು ಕುಳಿತು ಹೇಳಿಕೊಡುತ್ತೇನೆ. ಮೊದಲ ಉತ್ತರದಲ್ಲಿ ದರ ಹೇಳುವುದು ಬೇಡ, "ಸರ ಚೆನ್ನಾಗಿದೆ, ಯಾರದ್ದು? ಮದುವೆ ಯಾವಾಗ?" ಎಂದು ಕೇಳಿದರೆ ಮಾತು ತಾನಾಗಿ ಮುಂದುವರಿಯುತ್ತದೆ.

ಗೂಗಲ್ ನಕ್ಷೆಯಲ್ಲಿ ರಜೆಯ ದಿನವನ್ನು ಸರಿಪಡಿಸುವುದು, ಒಳ್ಳೆಯ ಹತ್ತು ಫೋಟೊ ಹಾಕುವುದು, ಈ ಕೆಲಸವನ್ನು ನೀವು ಪ್ರಯೋಗಕ್ಕೆ ಒಪ್ಪಿದರೂ ಒಪ್ಪದಿದ್ದರೂ ಮಾಡಿಕೊಡುತ್ತೇನೆ. ಅದಕ್ಕೆ ಹಣ ಬೇಡ. ಭಾನುವಾರ ಊರಿಂದ ಬಂದು ಮುಚ್ಚಿದ ಬಾಗಿಲು ನೋಡಿ ಯಾರೂ ಹಿಂದಿರುಗಬಾರದು.

ನವೆಂಬರ್ 19ರ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಬಂದು ಮಾತನಾಡಲೇ? "ಬನ್ನಿ" ಎಂದು ಈ ಇಮೇಲ್‌ಗೆ ಒಂದೇ ಮಾತಿನ ಉತ್ತರ ಸಾಕು. ಬೇಡ ಎಂದರೂ ಬೇಸರವಿಲ್ಲ, ಅಮ್ಮನ ಬಳೆಗೆ ಒಪ್ಪ ಹಾಕಿಸಲು ಹೇಗೂ ಮುಂದಿನ ತಿಂಗಳು ಬರುವವರಿದ್ದೇವೆ.

ವಿಶ್ವಾಸದಿಂದ,
ಸುಮನಾ
ವಿನೋಬನಗರ, ಶಿವಮೊಗ್ಗ

ಮರೆತ ಮಾತು: ಆ ಅಜ್ಜಿ ಒಪ್ಪಿದರೆ, ಅವರ ಹಳೆಯ ಸರದ ಒಂದು ಫೋಟೊ ತೆಗೆದಿಟ್ಟುಕೊಳ್ಳಲು ಆಚಾರ್ಯರಿಗೆ ಈಗಲೇ ಹೇಳಿ. ಕರಗಿಸುವ ಮೊದಲು ತೆಗೆಯದಿದ್ದರೆ ಮತ್ತೆ ಸಿಗುವುದಿಲ್ಲ.